ಮದುವೆ ಕಾಗದವೂ ಮೂಲ ಕಾರಣವೂ

ಸಭೆಯ ಹಿಂದಿನ ದಿನವೇ ಸಭೆಯ ದಾಖಲೆ ನನ್ನ ಮೇಜಿಗೆ ಬಂದಿತ್ತು. ಯಾರು ಏನು ಹೇಳಿದರು, ಏನು ತೀರ್ಮಾನವಾಯಿತು, ಎಲ್ಲವೂ ಭೂತಕಾಲದಲ್ಲಿ ನೀಟಾಗಿ ಟೈಪಾಗಿತ್ತು. ಕೊನೆಯಲ್ಲಿ "ಸಭೆಯು ಸೌಹಾರ್ದಯುತವಾಗಿ ಮುಕ್ತಾಯಗೊಂಡಿತು" ಎಂದೂ ಇತ್ತು. ಬಾಕಿ ಇದ್ದದ್ದು ನನ್ನ ಸಹಿ ಮಾತ್ರ.

ನಮ್ಮದು ರಕ್ತ, ಮೂತ್ರ ಪರೀಕ್ಷೆ ಮಾಡುವ ಲ್ಯಾಬ್. ಯಂತ್ರಗಳೆಲ್ಲ ಮಣಿಪಾಲದಲ್ಲಿ. ಉಡುಪಿ, ಕಾಪು, ಕಾರ್ಕಳಗಳಲ್ಲಿ ರಕ್ತ ತೆಗೆದುಕೊಳ್ಳುವ, ವರದಿ ಕೊಡುವ ಸಣ್ಣ ಶಾಖೆಗಳು. ನಾನು ಅಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥೆ. ವಿಭಾಗದಲ್ಲಿ ಇರುವುದು ನಾನೊಬ್ಬಳೇ, ಆದ್ದರಿಂದ ಮುಖ್ಯಸ್ಥೆಯೂ ನಾನೇ, ಫೈಲು ಹೊರುವವಳೂ ನಾನೇ. ಏನಾದರೂ ತಪ್ಪು ನಡೆದರೆ ಯಾಕೆ ನಡೆಯಿತು, ಇನ್ನೊಮ್ಮೆ ನಡೆಯದಂತೆ ಯಾರು ಏನು ಮಾಡಬೇಕು ಎಂದು ಬರೆದಿಡುವುದು ನನ್ನ ಕೆಲಸ. ಹುಟ್ಟಾ ಚಿಂತೆಯ ಮನುಷ್ಯಳಿಗೆ ಸಂಬಳ ಕೊಟ್ಟು ಚಿಂತೆ ಮಾಡಿಸುವ ಉದ್ಯೋಗ ಬೇರೊಂದಿಲ್ಲ. ಪೆರ್ಡೂರಿನಿಂದ ಬಸ್ಸು ಹತ್ತಿ, ಹಿರಿಯಡ್ಕ ದಾಟುವ ಮೊದಲೇ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮನೆಗೆ ಫೋನ್ ಮಾಡುವವಳು ನಾನು. ಮನೆಯವರು ಈಗೀಗ ಫೋನ್ ಎತ್ತಿದ ಕೂಡಲೇ "ಆರಿಸಿದ್ದಿ" ಎಂದಷ್ಟೇ ಹೇಳಿ ಇಟ್ಟುಬಿಡುತ್ತಾರೆ.

ಇಷ್ಟು ಚಿಂತೆ ಮಾಡುವವಳಿಗೂ ಈ ಸಲದ್ದು ಹೊಳೆದಿರಲಿಲ್ಲ.

ಆದದ್ದು ಇಷ್ಟು. ಒಂದು ಮಂಗಳವಾರ ಬೆಳಿಗ್ಗೆ ಕಾರ್ಕಳ ಶಾಖೆಯ ಬಾಗಿಲು ತೆರೆಯುವ ಹೊತ್ತಿಗೆ ಒಬ್ಬ ಹಿರಿಯರು ಮೊಬೈಲ್ ಹಿಡಿದು ನಿಂತಿದ್ದರು. ಅವರಿಗೆ ಯಾರೋ ಸಂದೇಶ ಕಳಿಸಿದ್ದರು: "ನಿಮ್ಮ ಕಿಡ್ನಿ ಅಪಾಯದಲ್ಲಿದೆ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ, ಔಷಧಿ ಮನೆಗೇ ಬರುತ್ತದೆ." ಇಂಥದ್ದು ದಿನಕ್ಕೆ ಹತ್ತು ಬರುತ್ತದೆ, ನಿಜ. ಆದರೆ ಇದರ ಜೊತೆಗೆ ಅವರದೇ ವರದಿ ಇತ್ತು. ನಮ್ಮ ಹೆಸರು, ನಮ್ಮ ಮೊಹರು, ನಮ್ಮ ಡಾಕ್ಟರ ಸಹಿ. "ನಾನು ಇನ್ನೂ ವರದಿ ತಗೊಂಡು ಹೋಗ್ಲೇ ಇಲ್ಲ ಅಮ್ಮ, ಅವರಿಗೆ ಹೇಗೆ ಸಿಕ್ಕಿತು?" ಎಂದು ಅವರು ಕಾರ್ಕಳ ಶಾಖೆಯ ಮೇಲ್ವಿಚಾರಕಿಯನ್ನು ಕೇಳಿದರಂತೆ. ಆಕೆ ನನಗೆ ಫೋನ್ ಮಾಡಿ ಅದನ್ನೇ ಕೇಳಿದಳು. ಮಧ್ಯಾಹ್ನದೊಳಗೆ ಉಡುಪಿಯಿಂದಲೂ ಕಾಪುವಿನಿಂದಲೂ ಅದೇ ಪ್ರಶ್ನೆ.

ಕಳ್ಳರು ಬೀಗ ಒಡೆದಿರಲಿಲ್ಲ. ಬೀಗದ ಕೈಯನ್ನು ನಾವೇ ಗೋಡೆಗೆ ತೂಗುಹಾಕಿದ್ದೆವು.

ವರದಿಗಳೆಲ್ಲ ಇರುವುದು ಒಂದು ಸಾಫ್ಟ್‌ವೇರಿನಲ್ಲಿ. ಒಳಗೆ ಹೋಗಲು ಬಳಕೆದಾರನ ಹೆಸರು, ಪಾಸ್‌ವರ್ಡ್ ಬೇಕು, ಆಮೇಲೆ ಮೊಬೈಲಿಗೆ ಬರುವ ಓಟಿಪಿಯನ್ನೂ ಹಾಕಬೇಕು. ಒಬ್ಬೊಬ್ಬರಿಗೆ ಒಂದೊಂದು ಖಾತೆ ಇರಬೇಕಾದದ್ದು ಕ್ರಮ. ನಮ್ಮಲ್ಲಿ ಮೂರು ಶಾಖೆಗೂ ಸೇರಿ ಒಂದೇ ಖಾತೆ. ಅದಕ್ಕೆ ಕಾರಣ ನಮ್ಮ ಊರಿನ ರಜೆಗಳು. ಮಾರಿಪೂಜೆಗೆ ಕಾಪುವಿನವರು ಯಾರೂ ಬರುವುದಿಲ್ಲ. ಆ ದಿನ ಕಾಪುವಿನ ವರದಿಗಳನ್ನು ಕಾರ್ಕಳದವರು ಬಿಡುಗಡೆ ಮಾಡುತ್ತಾರೆ. ಅಷ್ಟಮಿಗೆ ಉಡುಪಿಯವರು ಬರುವುದಿಲ್ಲ, ಅವರದನ್ನು ಕಾಪುವಿನವರು ನೋಡಿಕೊಳ್ಳುತ್ತಾರೆ. ಮನೆಯ ಭೂತದ ನೇಮ, ಊರ ನೇಮ ಎಂದು ಉಳಿದವರ ರಜೆ ಬೇರೆ. ಯಾರ ಕೆಲಸವನ್ನು ಯಾರು ಬೇಕಾದರೂ ಮಾಡುವಂತಿರಬೇಕು. ಆದ್ದರಿಂದ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಯಾರೂ ಮರೆಯದಿರಲಿ ಎಂದು ನಮ್ಮ ಆಡಳಿತಾಧಿಕಾರಿಗಳು ಅವನ್ನು ಸಿಬ್ಬಂದಿಯ ವಾಟ್ಸಾಪ್ ಗುಂಪಿನ ವಿವರಣೆಯಲ್ಲೇ ಬರೆದಿಟ್ಟಿದ್ದರು. ಗುಂಪಿನ ಹೆಸರನ್ನು ಒತ್ತಿದರೆ ಸಾಕು, ಸಾಫ್ಟ್‌ವೇರಿನ ವಿಳಾಸ, ಬಳಕೆದಾರನ ಹೆಸರು, ಪಾಸ್‌ವರ್ಡ್, ಕೆಳಗೆ ಎರಡು ಕೈ ಮುಗಿದ ಚಿತ್ರ.

ಇನ್ನು ಓಟಿಪಿ. ಅದು ಕಾಪು ಶಾಖೆಯ ಕೌಂಟರಿನಲ್ಲಿ ಕೂರುವ, ಇನ್ನಂಜೆ ಊರಿನ ಹೆಣ್ಣುಮಗಳ ಸ್ವಂತ ಮೊಬೈಲಿಗೆ ಬರುತ್ತಿತ್ತು. ಹಿಂದೆ ಸಾಫ್ಟ್‌ವೇರ್ ಹಾಕುವ ದಿನ ಕಂಪನಿಯ ಎಂಜಿನಿಯರ್ ಕಾಪುವಿನಲ್ಲಿದ್ದ. "ಒಂದು ನಂಬರ್ ಹೇಳಿ" ಎಂದ. ಎದುರಿಗಿದ್ದವಳು ಇವಳು, ಹೇಳಿದಳು. ಅಂದಿನಿಂದ ಮೂರು ಶಾಖೆಯ ಬೀಗದ ಕೈ ಅವಳ ಕೈಚೀಲದಲ್ಲಿ. ಬೆಳಿಗ್ಗೆ ಉಡುಪಿಯಿಂದ "ಓಟಿಪಿ ಹಾಕಿ" ಎಂದು ಗುಂಪಿಗೆ ಬಂದರೆ ಹಾಕುವಳು. ರಜೆಯಲ್ಲಿದ್ದರೂ ಹಾಕುವಳು. ಅಣ್ಣನ ಮಗುವಿನ ನಾಮಕರಣದಲ್ಲಿ ಪಾಯಸ ಬಡಿಸುತ್ತಾ ಹಾಕಿದ್ದನ್ನು ನಾನೇ ನೋಡಿದ್ದೇನೆ. ಅವಳ ಗಂಡ ಮಲ್ಪೆಯಲ್ಲಿ ಬೋಟಿಗೆ ಹೋಗುವವನು. ಅವನು ಕಡಲಿನಿಂದ ಫೋನ್ ಮಾಡಿದಾಗಲೆಲ್ಲ ಇವಳು "ತಡಿ, ಓಟಿಪಿ ಬಂತು" ಎನ್ನುತ್ತಾಳೆಂದು ಅವನ ದೂರು. ಶಾಖೆಗೆ ಒಂದು ಕಚೇರಿ ಮೊಬೈಲು ಕೊಡಿ, ಎಲ್ಲರಿಗೂ ಬೇರೆ ಬೇರೆ ಖಾತೆ ಮಾಡಿಸಿ ಎಂದು ನಾನು ವಾರ್ಷಿಕ ಪರಿಶೀಲನೆಯಲ್ಲಿ ಬರೆದದ್ದು ಉಂಟು. "ಬರುವ ವರ್ಷ ನೋಡುವ" ಎಂದು ಉತ್ತರ. ಬರುವ ವರ್ಷ ಬಂದು ಹೋಯಿತು.

ಭಾನುವಾರ ಸಂಜೆ ಅವಳಿಗೆ ಗಂಡನ ದೊಡ್ಡಮ್ಮನ ಮಗಳ ನಂಬರಿನಿಂದ ಮದುವೆ ಕಾಗದ ಬಂತು. ಕಾಗದವೆಂದರೆ ಈಗ ಕಾಗದವಲ್ಲವಲ್ಲ, ಮೊಬೈಲಿಗೆ ಬರುವ ಕಡತ. ಅವಳು ಒತ್ತಿದಳು. ಅದು ಏನೇನೋ ಅನುಮತಿ ಕೇಳಿತು, ಕೊಟ್ಟಳು. ಕಾಗದ ಮಾತ್ರ ತೆರೆಯಲಿಲ್ಲ. ಅದು ಕಾಗದವಾಗಿದ್ದರೆ ತಾನೇ? ಅದು ಮೊಬೈಲಿಗೆ ಬರುವ ಸಂದೇಶಗಳನ್ನೆಲ್ಲ ಓದಿ ಬೇರೆ ಕಡೆಗೆ ಕಳಿಸುವ ಕಳ್ಳ ಆ್ಯಪ್. ಕಳ್ಳರು ಅವಳ ನಂಬರಿನ ವಾಟ್ಸಾಪನ್ನು ತಮ್ಮ ಫೋನಿನಲ್ಲಿ ಹೊಸದಾಗಿ ತೆರೆದರು. ಅದಕ್ಕೆ ಬೇಕಾದ ಸಂಖ್ಯೆ ಬರುವುದೂ ಸಂದೇಶದಲ್ಲೇ. ಹಾಗೆ ತೆರೆದರೆ ಹಳೆಯ ಮಾತುಕತೆ ಕಾಣುವುದಿಲ್ಲ. ಗುಂಪಿನ ವಿವರಣೆ ಕಾಣುತ್ತದೆ. ಅಲ್ಲಿ ಕೈ ಮುಗಿದು ನಾವು ಸ್ವಾಗತ ಕೋರಿದ್ದೆವು.

ಇದಿಷ್ಟೂ ನನ್ನ ಮೇಜಿಗೆ ಬಂದ ದಾಖಲೆಯಲ್ಲಿ ಒಂದು ಸಾಲಾಗಿತ್ತು. "ಮೂಲ ಕಾರಣ: ಕಾಪು ಶಾಖೆಯ ಸ್ವಾಗತ ಸಿಬ್ಬಂದಿಯ ಘೋರ ನಿರ್ಲಕ್ಷ್ಯ." ಸರಿಪಡಿಸುವ ಕ್ರಮ: "ಸದರಿ ಸಿಬ್ಬಂದಿಯನ್ನು ಕೆಲಸದಿಂದ ಬಿಡುಗಡೆಗೊಳಿಸುವುದು." ಹೊಣೆಗಾರರು ಎಂಬಲ್ಲಿ, ಕೇಳಿ, "ಸದರಿ ಸಿಬ್ಬಂದಿ." ಅವಳನ್ನು ತೆಗೆಯುವ ಹೊಣೆಯೂ ಅವಳದೇ!

ನಾನು ಸಿಟ್ಟಿನ ಮನುಷ್ಯಳಲ್ಲ. ಸಿಟ್ಟು ಬಂದರೆ ಬಿ.ಪಿ. ಏರುತ್ತದೆ ಎಂಬ ಚಿಂತೆ, ಚಿಂತೆಯಿಂದ ಇನ್ನಷ್ಟು ಏರುತ್ತದೆ, ಆದ್ದರಿಂದ ಸಿಟ್ಟನ್ನು ದೂರವಿಟ್ಟು ಬದುಕಿದವಳು. ಆದರೆ ಆ ದಿನ ಸಿಟ್ಟು ಬಂತು, ಕಾಗದ ಹಿಡಿದು ಎದ್ದೆ. ಆಡಳಿತಾಧಿಕಾರಿಗಳ ಕೋಣೆಗೆ ಹೋದೆ.

"ಸರ್, ನಾಳಿನ ಸಭೆ ಇವತ್ತೇ ಮುಗಿದ ಹಾಗೆ ಕಾಣ್ತದೆ."

"ಹಾ, ನಿಮ್ಗೆ ಟೈಪ್ ಮಾಡುವ ಕೆಲಸ ಉಳೀಲಿ ಅಂತ ನಾನೇ ಮಾಡಿಟ್ಟೆ" ಎಂದರು, ಉಪಕಾರ ಮಾಡಿದವರ ಹಾಗೆ. "ಸಿಂಪಲ್ ಕೇಸು ಮೇಡಂ. ಒತ್ತಿದ್ದು ಯಾರು? ಅವಳು. ಮತ್ತೆ ರೂಟ್ ಕಾಸ್ ಅಂತ ಎಂತ ಅಗೀಲಿಕ್ಕೆ ಉಂಟು?"

"ಸಭೆ ಆದ ಮೇಲೆ ಬರೀತೇನೆ" ಎಂದು ಕಾಗದವನ್ನು ಅವರ ಮೇಜಿನ ಮೇಲೆ ಇಟ್ಟು ಬಂದೆ. ಹೊರಗೆ ಬಂದ ಮೇಲೆ ಕೆಲಸ ಹೋದರೆ ಮಗಳ ಹಾಸ್ಟೆಲ್ಲಿಗೆ ಏನು ಮಾಡುವುದು ಎಂದು ಚಿಂತೆ ಶುರುವಾಯಿತು. ಅದು ಬೇರೆ ವಿಷಯ.

ಮರುದಿನ ಮಣಿಪಾಲದ ನಮ್ಮ ಸಭಾಕೋಣೆಯಲ್ಲಿ ಆರು ಮಂದಿ ಸೇರಿದೆವು. ಲ್ಯಾಬಿನ ಮಾಲಕರಾದ ಡಾಕ್ಟರು, ಆಡಳಿತಾಧಿಕಾರಿ, ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರ್, ಕಾರ್ಕಳದ ಮೇಲ್ವಿಚಾರಕಿ, ಇನ್ನಂಜೆಯವಳು, ಮತ್ತೆ ಬರೆಯಲು ನಾನು. ಇನ್ನಂಜೆಯವಳು ಬಾಗಿಲ ಪಕ್ಕದ ಕುರ್ಚಿಯಲ್ಲಿ ಬಸ್ಸಿನಲ್ಲಿ ಕೂತವರ ಹಾಗೆ ಚೀಲವನ್ನು ಮಡಿಲಲ್ಲಿಟ್ಟು ಕೂತಿದ್ದಳು. ಚಹಾ ಬಂದಾಗ ಬೇಡವೆಂದಳು.

ಮೊದಲು ಕಾಲಾನುಕ್ರಮ: ಯಾವಾಗ ಏನಾಯಿತು ಎಂಬುದು. ಎಂಜಿನಿಯರ್ ಗೋಡೆಯ ಪರದೆಯಲ್ಲಿ ತೋರಿಸುತ್ತಾ ಓದಿದ. ಭಾನುವಾರ ಸಂಜೆ, ಕಡತ ಒತ್ತಿದ್ದು. ಸೋಮವಾರ ಮಧ್ಯಾಹ್ನದಿಂದ ಅಪರಿಚಿತ ಜಾಗದಿಂದ ನಮ್ಮ ಖಾತೆಗೆ ಪ್ರವೇಶ, ರಾತ್ರಿಯಿಡೀ ವರದಿಗಳ ಡೌನ್‌ಲೋಡ್. ಮಂಗಳವಾರ ಬೆಳಿಗ್ಗೆ ಕಾರ್ಕಳದಲ್ಲಿ ದೂರು. ಮಧ್ಯಾಹ್ನ ಖಾತೆ ಬಂದ್. ಅದರ ಬೆನ್ನಿಗೇ ಸರಕಾರದ ಸೈಬರ್ ಸಂಸ್ಥೆಗೆ ಮಾಹಿತಿ.

"ಗಮನಕ್ಕೆ ಬಂದ ಆರು ಗಂಟೆಯೊಳಗೆ ತಿಳಿಸ್ಬೇಕು ಅಂತ ರೂಲ್ ಉಂಟು. ನಾವು ತಿಳಿಸಿದ್ದೇವೆ" ಎಂದು ಆಡಳಿತಾಧಿಕಾರಿಗಳು ಡಾಕ್ಟರ ಕಡೆ ನೋಡಿದರು.

"ಸೋಮವಾರ ಬೆಳಿಗ್ಗೆದ್ದು ಬಿಟ್ಟು ಹೋಯ್ತು" ಎಂದು ಬಾಗಿಲ ಬಳಿಯಿಂದ ಧ್ವನಿ ಬಂತು.

ಎಲ್ಲರೂ ತಿರುಗಿದರು. ಇನ್ನಂಜೆಯವಳು ಚೀಲದ ಪಟ್ಟಿಯನ್ನು ನೋಡುತ್ತಲೇ ಹೇಳಿದಳು. "ಬೆಳಿಗ್ಗೆ ಎದ್ದಾಗ ವಾಟ್ಸಾಪು ನಿಮ್ಮ ನಂಬರ್ ಬೇರೆ ಫೋನಲ್ಲಿ ಉಂಟು ಅಂತ ತೋರಿಸ್ತಿತ್ತು. ನಾನು ಆಗ್ಲೇ ಸರ್‌ಗೆ ಫೋನ್ ಮಾಡಿದ್ದೆ. ಓಟಿಪಿ ನಂಬರ್ ಇದೇ ಅಲ್ವಾ, ಎಂತ ಮಾಡುದು ಅಂತ. ಆಫ್ ಮಾಡಿ ಆನ್ ಮಾಡು ಅಂದ್ರು."

"ಯಾರು, ನಾನಾ?" ಆಡಳಿತಾಧಿಕಾರಿಗಳು ನಕ್ಕರು. "ನಂಗೆಂತ ಇವಳು ಫೋನ್ ಮಾಡಿದ ನೆನಪಿಲ್ಲ. ಅವಳ ಫೋನಲ್ಲಿ ಉಂಟಾ ಅದು?"

ಅವಳ ಫೋನಿನಲ್ಲಿ ಏನೂ ಇರಲಿಲ್ಲ. ಕಳ್ಳ ಆ್ಯಪ್ ಹೋಗಲೆಂದು ಎಂಜಿನಿಯರನೇ ಅದನ್ನು ಪೂರ್ತಿ ಅಳಿಸಿ ಕೊಟ್ಟಿದ್ದ. ಮಗುವಿನ ಫೋಟೋಗಳು ಸಹ ಹೋಗಿದ್ದವು. ಅವಳು ಅದಕ್ಕೂ ಏನೂ ಅಂದಿರಲಿಲ್ಲ.

"ಸರ್, ಅವಳದ್ದರಲ್ಲಿ ಇಲ್ಲದಿದ್ರೆ ನಿಮ್ಮದ್ರಲ್ಲಿ ಉಂಟಾ ನೋಡಿ" ಎಂದೆ. ಹೇಳಿದ್ದು ನಾನೇ ಎಂದು ತಿಳಿಯಲು ನನಗೇ ಸ್ವಲ್ಪ ಹೊತ್ತು ಹಿಡಿಯಿತು.

"ಅದೆಲ್ಲ ಎಂತಕ್ಕೆ?"

"ಕಾಲಾನುಕ್ರಮ ಅಂತ ಬರೀಬೇಕಲ್ಲ. ಫೋನ್ ಬಂದದ್ದೋ ಇಲ್ಲವೋ ಅಂತ ಅರ್ಧ ನಿಮಿಷದಲ್ಲಿ ಗೊತ್ತಾಗ್ತದೆ."

ಡಾಕ್ಟರು ಕನ್ನಡಕ ತೆಗೆದರು. ಅವರು ಕಡಿಮೆ ಮಾತಿನವರು. ಕನ್ನಡಕ ತೆಗೆದರೆ "ಮಾಡಿ" ಎಂದರ್ಥ. ಆಡಳಿತಾಧಿಕಾರಿಗಳು ಫೋನನ್ನು ಎದೆಗೆ ಹತ್ತಿರ ಹಿಡಿದುಕೊಂಡು ಬೆರಳಿನಿಂದ ಮೇಲೆ ಕೆಳಗೆ ಎಳೆದರು. ಆಮೇಲೆ "ಬಂದಿದೆ, ಹಾಂ, ಒಂದು ಬಂದಿದೆ. ನಾನು ಮಂಗಳೂರಲ್ಲಿ ಒಂದು ಫಂಕ್ಷನ್‌ನಲ್ಲಿದ್ದೆ. ಗಲಾಟೆಯಲ್ಲಿ ಸರಿಯಾಗಿ ಕೇಳ್ಲಿಲ್ಲ" ಎಂದರು.

"ಕೇಳದೆ ಆಫ್ ಮಾಡಿ ಆನ್ ಮಾಡು ಅಂತ ಹೇಗೆ ಹೇಳಿದ್ರಿ ಸರ್?" ಎಂದಳು ಕಾರ್ಕಳದವಳು, ಚಹಾ ಊದುತ್ತಾ. ಅವಳಿಗೆ ನಿವೃತ್ತಿ ಹತ್ತಿರ, ಯಾರ ಹೆದರಿಕೆಯೂ ಇಲ್ಲ.

ನಾನು ಬರೆದೆ: ಸೋಮವಾರ ಬೆಳಿಗ್ಗೆ, ಕಾಪು ಸಿಬ್ಬಂದಿಯಿಂದ ಆಡಳಿತಾಧಿಕಾರಿಗೆ ಮೊದಲ ಮಾಹಿತಿ, ಕ್ರಮ ಕೈಗೊಂಡಿಲ್ಲ. ಆ ಒಂದು ಸಾಲಿನಿಂದ ಆರು ಗಂಟೆಯ ಲೆಕ್ಕ ಬುಡಮೇಲಾಯಿತು ಎಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಆಡಳಿತಾಧಿಕಾರಿಗಳಿಗೆ ಎಲ್ಲರಿಗಿಂತ ಮೊದಲು. ಅವಳ ಫೋನ್ ಬಂದಾಗಲೇ ಖಾತೆ ಮುಚ್ಚಿದ್ದರೆ ಒಂದು ವರದಿಯೂ ಹೊರಗೆ ಹೋಗುತ್ತಿರಲಿಲ್ಲ.

"ಆಯ್ತು, ಬರೆಯಿರಿ" ಎಂದರು ಅವರು, ಈಗ ಧ್ವನಿ ಗಟ್ಟಿಯಾಗಿತ್ತು. "ಆದ್ರೆ ಮೂಲ ಮೂಲವೇ. ಇವಳು ಒತ್ತದಿದ್ರೆ ಇದೆಂತದೂ ಆಗ್ತಿರ್ಲಿಲ್ಲ. ಓದಿದವಳು, ಡಿಗ್ರಿ ಆದವಳು. ಯಾರೋ ಕಳಿಸಿದ್ದನ್ನೆಲ್ಲ ಒತ್ತುದಾ? ಸಣ್ಣ ಮಕ್ಕಳಿಗೂ ಗೊತ್ತುಂಟು ಈಗ."

ಅವಳ ಕಿವಿ ಕೆಂಪಾಯಿತು. "ಯಾರೋ ಅಲ್ಲ ಸರ್, ನಮ್ಮ ಅಕ್ಕ. ಅವರ ಮನೇಲಿ ಮದುವೆ ಉಂಟು ಅಂತ ಗೊತ್ತಿತ್ತು. ಕಾಗದ ನೋಡ್ಲಿಲ್ಲ ಅಂದ್ರೆ ಮತ್ತೆ ನಮ್ಮನ್ನು ಕೂತ್ಕೊಳ್ಳಿ ಅಂತಾರಾ ಅವ್ರು?"

"ನೋಡಿ, ಈಗ್ಲೂ ತಪ್ಪಾಯ್ತು ಅಂತ ಬಾಯಲ್ಲಿ ಬರುದಿಲ್ಲ."

ಆಗ ನನ್ನೊಳಗೆ ಏನೋ ಕುಕ್ಕರಿನ ಹಾಗೆ ಕೂಗಿತು. ಯಾಕೆಂದರೆ ಆ ಕಾಗದ ಅವಳಲ್ಲಿಗೆ ನಿಂತಿರಲಿಲ್ಲ. ಸೋಮವಾರ ಬೆಳಿಗ್ಗೆ ಕಳ್ಳರು ಅದೇ ಮದುವೆ ಕಾಗದವನ್ನು ಅವಳ ನಂಬರಿನಿಂದ ನಮ್ಮ ಗುಂಪಿಗೆ, ಅವಳ ಪರಿಚಯದವರಿಗೆಲ್ಲ ಕಳಿಸಿದ್ದರು.

"ಸರ್, ನಾನೂ ಒತ್ತಿದ್ದೇನೆ" ಎಂದೆ.

ಪೆನ್ನು ಕೆಳಗಿಟ್ಟು ಮುಂದುವರಿಸಿದೆ.

"ಬಸ್ಸಲ್ಲಿ ಕೂತು ಒತ್ತಿದೆ. ಮೂರು ಸಲ ಒತ್ತಿದೆ. ನನ್ನ ಮೊಬೈಲಿನಲ್ಲಿ ಬೆಳಗಿನ ಶುಭೋದಯದ ಚಿತ್ರಗಳೇ ತುಂಬಿವೆ, ಜಾಗವಿಲ್ಲ ಅಂತ ಹೇಳಿತು. ಇಲ್ಲದಿದ್ರೆ ನನ್ನದೂ ಹೋಗಿತ್ತು. ಸುರಕ್ಷತೆಯ ಬಗ್ಗೆ ನಿಮಗೆಲ್ಲ ಪಾಠ ಮಾಡುವವಳು ನಾನು. ಮತ್ತೆ ಯಾರೆಲ್ಲ ಒತ್ತಿದ್ರಿ? ಹೇಳಿ, ದಾಖಲೆಗೆ ಬೇಕು."

ಕಾರ್ಕಳದವಳು ಕೈ ಎತ್ತಿದಳು. "ಒತ್ತಿದೆ ಮಾರಾಯ್ತಿ. ಇವಳ ಮೈದುನನ ಮದುವೆಯೋ ಏನೋ ಅಂತ. ಎಂತದೋ ಅನುಮತಿ ಕೇಳ್ತು, ಕನ್ನಡಕ ಇರ್ಲಿಲ್ಲ, ಬಿಟ್ಟೆ."

ಎಂಜಿನಿಯರ್ ತನ್ನ ಲ್ಯಾಪ್‌ಟಾಪ್ ನೋಡುತ್ತಿದ್ದ. ಡಾಕ್ಟರು ಕನ್ನಡಕವನ್ನು ಮತ್ತೆ ಹಾಕಿಕೊಂಡು, ತುಳುವಿನಲ್ಲಿ, ತಮಗೇ ಹೇಳಿಕೊಂಡ ಹಾಗೆ "ಏರೆನ ಮದಿಮೆಂದ್ ತೂವೊಡತ್ತಾ" ಎಂದರು. ಯಾರ ಮದುವೆ ಎಂದು ನೋಡಬೇಕಲ್ಲ. ಅವರೂ ಒತ್ತಿದ್ದರು. ಎಲ್ಲರೂ ಈಗ ಆಡಳಿತಾಧಿಕಾರಿಗಳನ್ನು ನೋಡಿದರು.

"ನನ್ನ ಫೋನು ಬೇರೆ ನಮೂನೆ. ಅದರಲ್ಲಿ ಅಂಥದ್ದು ತೆರೀಲಿಕ್ಕೇ ಆಗುದಿಲ್ಲ" ಎಂದರು.

"ತೆರೀಲಿಕ್ಕೆ ಆಗುದಿಲ್ಲ ಅಂತ ಗೊತ್ತಾದದ್ದು ಒತ್ತಿದ ಮೇಲೆ ಅಲ್ವಾ ಸರ್?" ಎಂದಳು ಕಾರ್ಕಳದವಳು.

ನಗು ಬರಬೇಕಿತ್ತು. ನನಗೆ ನಗು ಬರಲಿಲ್ಲ, ಸಿಟ್ಟು ಏರುತ್ತಲೇ ಇತ್ತು. ಬಾಗಿಲ ಬಳಿ ಕೂತವಳನ್ನು ನೋಡಿದೆ. ಅವಳೂ ನಕ್ಕಿರಲಿಲ್ಲ. ನಮ್ಮ ಊರಿನಲ್ಲಿ ಪರಿಚಯದ ಮನೆಯ ಮದುವೆ ಕಾಗದವನ್ನು ತೆರೆಯದವರು ಯಾರು? ಕೋಣೆಯಲ್ಲಿದ್ದ ನಾವೆಲ್ಲ ಒತ್ತಿ, ಜಾಗವಿಲ್ಲದ ಫೋನು, ಬೇರೆ ನಮೂನೆಯ ಫೋನು, ಕನ್ನಡಕವಿಲ್ಲದ ಕಣ್ಣು ಎಂದು ಪಾರಾದವರು ಒಬ್ಬಳ ಕೆಲಸ ತೆಗೆಯಲು ಕೂತಿದ್ದೆವು.

"ಎಲ್ಲರೂ ಮಾಡುವುದು ಮೂಲ ಕಾರಣ ಆಗುದಿಲ್ಲ ಸರ್" ಎಂದೆ. "ನಾಳೆ ಇನ್ನೊಬ್ಬರು ಒತ್ತುತ್ತಾರೆ. ಒಬ್ಬರು ಒತ್ತಿದ್ರೆ ಮೂರು ಶಾಖೆಯ ವರದಿ ಹೋಗುವ ಹಾಗೆ ಯಾಕಾಯ್ತು? ಅದನ್ನು ಕೇಳ್ಬೇಕು."

ಕೇಳಿದೆವು. ಓಟಿಪಿ ಯಾಕೆ ಅವಳ ಸ್ವಂತ ಮೊಬೈಲಿಗೆ? ಕಚೇರಿ ಮೊಬೈಲು ಕೊಟ್ಟಿರಲಿಲ್ಲ. ಪಾಸ್‌ವರ್ಡ್ ಯಾಕೆ ಗುಂಪಿನ ವಿವರಣೆಯಲ್ಲಿ? ಎಲ್ಲರಿಗೂ ಒಂದೇ ಆದ್ದರಿಂದ. ಯಾಕೆ ಒಂದೇ? ಬೇರೆ ಖಾತೆಗಳಿಗೆ ಮಂಜೂರಾತಿ ಸಿಕ್ಕಿರಲಿಲ್ಲ. ಯಾರ ವರದಿಗಳು ಹೋಗಿವೆ ಎಂದಾದರೂ ಹೇಳಬಹುದೇ ಎಂದು ಡಾಕ್ಟರು ಎಂಜಿನಿಯರನ್ನು ಕೇಳಿದರು.

"ಖಂಡಿತ ಹೇಳ್ಲಿಕ್ಕೆ ಆಗುದಿಲ್ಲ ಸರ್" ಎಂದ ಅವನು. "ಒಂದೇ ಖಾತೆ. ಸಿಬ್ಬಂದಿ ಮೊಬೈಲಿಂದಲೂ ತೆರೀತಾರೆ, ಜಾಗ ಬದಲಾಗ್ತಾ ಇರ್ತದೆ. ಕೆಲವು ಕಳ್ಳರದ್ದು ಅಂತ ಗೊತ್ತಾಗ್ತದೆ, ಕೆಲವು ನಿಮ್ಮವರದ್ದೋ ಅವರದ್ದೋ ಗೊತ್ತಾಗುದಿಲ್ಲ. ಆ ಖಾತೆಗೆ ಕಾಣುವ ಎಲ್ಲ ರೋಗಿಗಳಿಗೂ ತಿಳಿಸುದೇ ಒಳ್ಳೇದು."

"ಒಂದೇ ಖಾತೆ ಆಗುದಿಲ್ಲ ಅಂತ ನೀವು ಸಾಫ್ಟ್‌ವೇರ್ ಹಾಕುವಾಗ್ಲೇ ಹೇಳ್ಬೇಕಿತ್ತಲ್ವಾ?" ಎಂದೆ.

"ಹೇಳಿದ್ದೆ ಮೇಡಂ" ಎಂದು ಅವನು ಆಡಳಿತಾಧಿಕಾರಿಗಳ ಕಡೆ ನೋಡದೆ ಹೇಳಿದ. ಹೇಳಿದ್ದನೋ ಇಲ್ಲವೋ, ಒಂದು ನಂಬರ್ ಹೇಳಿ ಎಂದು ಎದುರಿಗೆ ಕಂಡವಳ ನಂಬರ್ ಬರೆದುಕೊಂಡವನು ಅವನೇ. ಅದನ್ನೂ ಬರೆದೆ.

ಹೊಣೆಗಾರರ ಅಂಕಣಕ್ಕೆ ಬಂದಾಗ ಆಡಳಿತಾಧಿಕಾರಿಗಳು ಎಲ್ಲದಕ್ಕೂ "ಆಯಾ ಶಾಖೆ" ಎಂದು ಬರೆಯಿರಿ ಎಂದರು. ನಾನು ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿದೆ: ಇದನ್ನು ಮಾಡಿಸುವ ಅಧಿಕಾರ ಆಯಾ ಶಾಖೆಗೆ ಉಂಟಾ? ಮೊಬೈಲು ತರಿಸಲು ಸಹಿ ಯಾರದು? ಖಾತೆಗಳಿಗೆ ಮಂಜೂರಾತಿ ಯಾರದು? ಗುಂಪಿನ ವಿವರಣೆ ಬದಲಿಸುವವರು ಯಾರು? ಡಾಕ್ಟರೇ ಪ್ರತಿಸಲವೂ ಬೆರಳಿನಿಂದ ಆಡಳಿತಾಧಿಕಾರಿಗಳನ್ನು ತೋರಿಸಿದರು. ಅಧಿಕಾರ ಇಲ್ಲದವರನ್ನು ಹೊಣೆಗಾರರೆಂದು ಬರೆಯುವುದು ಹೊಣೆಯಲ್ಲ, ಬಲಿ. ಇದನ್ನು ಜೋರಾಗಿಯೇ ಹೇಳಿದೆನಂತೆ. ನನಗೆ ನೆನಪಿಲ್ಲ, ಕಾರ್ಕಳದವಳು ಆಮೇಲೆ ಹೇಳಿದ್ದು.

ಮೂಲ ಕಾರಣ: ಎಲ್ಲ ಶಾಖೆಗಳಿಗೂ ಒಂದೇ ಖಾತೆ, ಅದರ ಗುಟ್ಟು ಸಿಬ್ಬಂದಿ ಗುಂಪಿನಲ್ಲಿ ಬಹಿರಂಗ, ಓಟಿಪಿ ಒಬ್ಬರ ಖಾಸಗಿ ಮೊಬೈಲಿಗೆ. ಡಾಕ್ಟರು ಓದಿ ಸಹಿ ಮಾಡಿದರು. ಸೋಮವಾರದ ಸಾಲನ್ನೂ ಸೇರಿಸಿ ಸೈಬರ್ ಸಂಸ್ಥೆಗೆ ತಿದ್ದಿದ ಮಾಹಿತಿ ಕಳಿಸಲು ಒಪ್ಪಿದರು. ಇನ್ನಂಜೆಯವಳು ಹಾಜರಿಯ ಜಾಗದಲ್ಲಿ ಸಹಿ ಹಾಕಿ, "ಬರ್ತೇನೆ ಅಕ್ಕ, ಕೌಂಟರಲ್ಲಿ ಯಾರೂ ಇಲ್ಲ" ಎಂದು ಹೋದಳು. ನಾನು ಗೆದ್ದೆ ಎಂದುಕೊಂಡೆ. ಬಸ್ಸಿನಲ್ಲಿ ಅಂದು ಗ್ಯಾಸಿನ ಚಿಂತೆಯೂ ಬರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅವಳಿಂದ ಫೋನು. "ಅಕ್ಕ, ನಂಗೆ ಮೆಮೋ ಬಂದಿದೆ."

ಮೆಮೋದಲ್ಲಿ ಹೀಗಿತ್ತು: ಸಂಸ್ಥೆಯ ಗೌರವಕ್ಕೆ ಧಕ್ಕೆ ತಂದ ಕಾರಣ ಯಾಕೆ ಕೆಲಸದಿಂದ ತೆಗೆಯಬಾರದು ಎಂದು ಕೂಡಲೇ ಉತ್ತರಿಸಿ. ಸಹಿ ಆಡಳಿತಾಧಿಕಾರಿಗಳದ್ದು. ದಾಖಲೆಯೊಳಗೆ ಆಗದ್ದನ್ನು ಅವರು ದಾಖಲೆಯ ಹೊರಗಿನಿಂದ ಮಾಡಿದ್ದರು.

"ಗಂಡನಿಗೆ ಹೇಳ್ಲಿಲ್ಲ. ಬೋಟಲ್ಲಿದ್ದಾರೆ, ಅಲ್ಲಿ ಕೇಳಿದ್ರೆ ಎಂತ ಮಾಡ್ತಾರೆ? ನಾನೇ ಬಿಡ್ತೇನೆ ಅಂತ ಬರೆದು ಕೊಡ್ಲಾ ಅಕ್ಕ? ಕಳ್ಳಿ ಅಂತ ತೆಗೆಯುದಕ್ಕಿಂತ ಅದೇ ಒಳ್ಳೇದಲ್ವಾ?"

"ಎಂತದೂ ಬರೀಬೇಡ" ಎಂದೆ. "ಇವತ್ತು ಒಂದಕ್ಷರ ಬರೀಬೇಡ."

ಬರೆಯುವವಳು ನಾನು. ಕೂತೆ. ಸಿಟ್ಟಿನಲ್ಲಿ ಮೊದಲು ಬರೆದದ್ದನ್ನು ಇಲ್ಲಿ ಹೇಳುವಂತಿಲ್ಲ, ಅಳಿಸಿದೆ. ಆಮೇಲೆ ನೆನಪಾಯಿತು: ಘಟನೆಯ ಕಾರಣದಿಂದ ಸಂಸ್ಥೆ ಕೈಗೊಂಡ ಪ್ರತಿಯೊಂದು ಕ್ರಮವೂ ಆ ದಾಖಲೆಯಲ್ಲಿ ಇರಬೇಕು. ಇದು ನಮ್ಮದೇ ನಿಯಮ, ಡಾಕ್ಟರೇ ಸಹಿ ಹಾಕಿದ್ದು. ಮೆಮೋ ಕೂಡ ಕ್ರಮವೇ ತಾನೇ? ಕ್ರಮಗಳ ಪಟ್ಟಿಯ ಕೊನೆಗೆ ಇನ್ನೊಂದು ಸಾಲು ಸೇರಿಸಿದೆ. ಕ್ರಮ: ಕಾಪು ಸಿಬ್ಬಂದಿಗೆ ವಜಾ ಕುರಿತ ಮೆಮೋ. ಹೊಣೆಗಾರರು: ಆಡಳಿತಾಧಿಕಾರಿ. ಸಭೆಯಲ್ಲಿ ಚರ್ಚೆ: ಆಗಿಲ್ಲ. ಇದರಿಂದ ಸರಿಯಾಗುವ ಮೂಲ ಕಾರಣ ಎಂಬಲ್ಲಿ ಏನೂ ಬರೆಯದೆ ಖಾಲಿ ಬಿಟ್ಟೆ. ಸಭೆಗೆ ಬಂದ ಎಲ್ಲರಿಗೂ ಒಟ್ಟಿಗೆ ಕಳಿಸಿದೆ. ಲ್ಯಾಬಿಗೆ ಮಾನ್ಯತೆ ಕೊಡುವವರು ಮುಂದಿನ ತಪಾಸಣೆಯಲ್ಲಿ ಇದೇ ಪ್ರತಿಯನ್ನು ಕೇಳುತ್ತಾರೆ ಎಂದು ಕೆಳಗೆ ಒಂದು ಸಾಲು, ವಿನಯದಿಂದ. ಕಳಿಸಿದ ಮೇಲೆ ನೀರು ಕುಡಿಯಲು ಹೋಗಿ ಲೋಟ ಬೀಳಿಸಿದೆ.

ಆಡಳಿತಾಧಿಕಾರಿಗಳು ಬಾಗಿಲು ತಟ್ಟದೆ ಬಂದರು. "ಇದೆಂತ ಮೇಡಂ? ಮೆಮೋ ನನ್ನ ಇಲಾಖೆ. ನಿಮ್ಮ ದಾಖಲೆಗೂ ಅದಕ್ಕೂ ಎಂತ ಸಂಬಂಧ?"

"ಸಂಬಂಧ ಇಲ್ಲದಿದ್ರೆ ಒಳ್ಳೇದಾಯ್ತು ಸರ್. ಈ ಘಟನೆಗೆ ಸಂಬಂಧ ಇಲ್ಲದ ಮೆಮೋ ಅಂತ ಬರೆದು ಕೊಡಿ, ಸಾಲು ತೆಗೀತೇನೆ."

"ನೀವು ಅವಳ ಪರವಾ, ಸಂಸ್ಥೆಯ ಪರವಾ?"

"ಆ ಖಾಲಿ ಜಾಗದಲ್ಲಿ ಎಂತ ಬರೀಬೇಕು ಅಂತ ನೀವು ಹೇಳಿ. ಬರೀತೇನೆ. ಅವಳನ್ನು ತೆಗೆದ್ರೆ ಯಾವ ಖಾತೆ ಬೇರೆಯಾಗ್ತದೆ? ಯಾವ ಪಾಸ್‌ವರ್ಡ್ ಗುಂಪಿನಿಂದ ಹೋಗ್ತದೆ? ಇವತ್ತು ಬೆಳಿಗ್ಗೆಯೂ ಅಲ್ಲೇ ಉಂಟು ಸರ್, ನೋಡಿದೆ. ಹಳೇ ಪಾಸ್‌ವರ್ಡ್ ತೆಗೆದು ಹೊಸದನ್ನು ಹಾಕಿದ್ದೀರಿ!"

ನಿಜವಾಗಿಯೂ ಹಾಕಿದ್ದರು. ಕೈ ಮುಗಿದ ಚಿತ್ರದ ಸಮೇತ. ಅವರ ಮುಖ ನೋಡಿದರೆ ಅದರಲ್ಲಿ ತಪ್ಪೇನೆಂದು ಆಗಲೂ ಹೊಳೆದಿರಲಿಲ್ಲ. ನನ್ನ ಧ್ವನಿ ಯಂತ್ರಗಳ ಕೋಣೆಯವರೆಗೆ ಕೇಳಿತಂತೆ. ಅಲ್ಲಿನ ಹುಡುಗಿಯರು ಅಂದಿನಿಂದ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ. ಮುಜುಗರ.

ಡಾಕ್ಟರು ಸಂಜೆ ಆ ಸಾಲಿನ ಬಗ್ಗೆ ಒಂದೇ ಮಾತು ಉತ್ತರಿಸಿದರು, ಎಲ್ಲರಿಗೂ: "ಮೆಮೋ ಹಿಂತೆಗೆದುಕೊಳ್ಳಿ."

ಸರಿಪಡಿಸುವ ಕ್ರಮಗಳು ನಡೆದಿವೆಯೇ ಎಂದು ಸ್ಥಳಕ್ಕೆ ಹೋಗಿ ನೋಡಿ ದಾಖಲೆ ಮುಚ್ಚುವುದು ನನ್ನದೇ ಕೆಲಸ. ಕೆಲವು ವಾರಗಳ ಬಳಿಕ ಕಾಪುವಿಗೆ ಹೋದೆ. ಹೆದ್ದಾರಿಯ ಬಸ್ಸಿಳಿದು ಬೆವರು ಒರೆಸುತ್ತಾ ಒಳಗೆ ಹೋದರೆ ಕೌಂಟರಿನಲ್ಲಿ ಅವಳೇ. ಪಕ್ಕದಲ್ಲಿ ಕಚೇರಿಯ ಹೊಸ ಮೊಬೈಲು, ಮೇಜಿಗೆ ದಾರ ಕಟ್ಟಿ. ಅವಳ ಹೆಸರಿನಲ್ಲೇ ಖಾತೆ ತೆರೆದು ತೋರಿಸಿದಳು. ಪಾಸ್‌ವರ್ಡ್ ಏನೆಂದು ಪರೀಕ್ಷೆಗೆಂದು ಕೇಳಿದೆ. "ಹೇಳುದಿಲ್ಲ ಅಕ್ಕ" ಎಂದಳು. ಟಿಕ್ ಹಾಕಿದೆ. ಮಾರಿಪೂಜೆಗೆ ಎಂತ ಮಾಡ್ತೀರಿ ಎಂದು ಕೇಳಿದೆ. ಆ ದಿನ ಕಾರ್ಕಳದವರ ಖಾತೆಗೇ ಕಾಪುವಿನ ವರದಿಗಳೂ ಕಾಣುವಂತೆ ಮಾಡುತ್ತಾರಂತೆ. ಅಷ್ಟು ಸುಲಭದ ಕೆಲಸ.

"ಮೆಮೋ?" ಎಂದೆ.

ಅವಳು ಕೆಳಗಿನ ಡ್ರಾಯರ್ ತೋರಿಸಿದಳು. "ಇಲ್ಲೇ ಉಂಟು. ವಾಪಸ್ ತಗೊಂಡಿದ್ದೇವೆ ಅಂತ ಫೋನಲ್ಲಿ ಹೇಳಿದ್ರು. ಬರಹದಲ್ಲಿ ಎಂತದೂ ಬರ್ಲಿಲ್ಲ. ಇರ್ಲಿ ಅಂತ ಸುಮ್ಮನಾದೆ."

ತೆಗೆಯುವಾಗ ಮೊಹರು ಒತ್ತಿದ ಕಾಗದ, ಬಿಡುವಾಗ ಬಾಯಿಮಾತು. ಇಳಿದಿದ್ದ ಸಿಟ್ಟು ಕಾಲಿನಿಂದ ತಲೆಗೆ ಏರಿತು. ನಾಳೆ ಇನ್ನೊಬ್ಬ ಅಧಿಕಾರಿ ಬಂದು ಅವಳ ಫೈಲು ತೆರೆದರೆ ಕಾಣುವುದು ಮೆಮೋ ಮಾತ್ರ. ಅಲ್ಲೇ, ಅವಳ ಎದುರೇ, ದಾಖಲೆಯಲ್ಲಿ ಮೆಮೋದ ಸಾಲಿನ ಮುಂದೆ "ಮುಗಿದಿಲ್ಲ" ಎಂದು ಬರೆದೆ. ಒಂದು ಸಾಲು ಮುಗಿಯದೆ ಇಡೀ ದಾಖಲೆ ಮುಚ್ಚುವುದಿಲ್ಲ. ದಾಖಲೆ ಮುಚ್ಚದೆ ತಪಾಸಣೆಯವರು ಬಂದರೆ ಮಾಲಕರೇ ಉತ್ತರ ಕೊಡಬೇಕು. ಡಾಕ್ಟರಿಗೆ ಫೋನ್ ಮಾಡಿ ಇಷ್ಟನ್ನೇ ಹೇಳಿದೆ.

"ಒಂದು ಕಾಗದ ಸಾಕಾ?" ಎಂದರು.

"ಸಾಕು ಸರ್. ನಿಮ್ಮ ಸಹಿ ಇರ್ಲಿ, ಅವರದ್ದಲ್ಲ. ಅವಳ ಫೈಲಿಗೊಂದು, ಅವಳ ಕೈಗೊಂದು."

ರಕ್ತದ ಸ್ಯಾಂಪಲು ಒಯ್ಯಲು ಸಂಜೆ ಮಣಿಪಾಲದಿಂದ ವಾಹನ ಬರುತ್ತದೆ. ಅದರಲ್ಲಿ ಪತ್ರ ಬಂತು. ನಾನು ಅಲ್ಲಿಯವರೆಗೆ ಬೆಂಚಿನಲ್ಲಿ ಕೂತೇ ಇದ್ದೆ. ರಕ್ತ ಕೊಡಲು ಬಂದ ಇಬ್ಬರು ನನಗೂ ಸಕ್ಕರೆ ಕಾಯಿಲೆಯೋ ಎಂದು ಕೇಳಿದರು. ಮೆಮೋ ಹಿಂತೆಗೆದುಕೊಳ್ಳಲಾಗಿದೆ ಎಂಬ ಎರಡೇ ಸಾಲು, ಕೆಳಗೆ ಡಾಕ್ಟರ ಸಹಿ. ಅವಳು ನಿಂತುಕೊಂಡೇ ಓದಿದಳು, ಇನ್ನೊಮ್ಮೆ ಓದಿದಳು.

"ಅವರದ್ದು ತಪ್ಪಾಯ್ತು ಅಂತ ಇಲ್ಲ ಅಲ್ವಾ ಅಕ್ಕ?"

"ಇಲ್ಲ."

"ಮಗುವಿನ ಫೋಟೋದ್ದೂ ಇಲ್ಲ."

"ಅದೂ ಇಲ್ಲ."

ಅವಳು ಪತ್ರವನ್ನು ಮಡಚಿ ಚೀಲಕ್ಕೆ ಹಾಕಿದಳು. ಡ್ರಾಯರಿನಿಂದ ಮೆಮೋ ತೆಗೆದು ನಾಲ್ಕು ಚೂರು ಮಾಡಿ, ಉಪಯೋಗಿಸಿದ ಹತ್ತಿ ಹಾಕುವ ಹಳದಿ ಬಕೆಟಿಗೆ ಬಿಟ್ಟಳು. ಕಾಗದವನ್ನು ಅದಕ್ಕೆ ಹಾಕುವಂತಿಲ್ಲ, ಗುಣಮಟ್ಟದ ನಿಯಮದ ಪ್ರಕಾರ ಅದು ತಪ್ಪು. ನಾನು ನೋಡಿದೆ, ಬರೆಯಲಿಲ್ಲ. ಆಮೇಲೆ ಅವಳು ಕುರ್ಚಿಗೆ ಕೂತು, ಕೌಂಟರಿನ ಆಚೆ ಕಾಯುತ್ತಿದ್ದ ಹೆಂಗಸಿಗೆ "ಬನ್ನಿ ಅಮ್ಮ, ನಿಮ್ಮದೆಂತ?" ಎಂದಳು.